ಪದ ಪರಿಚಯ: ಕೌಂಟ್‌ಡೌನ್ ರಿಮೈಂಡರ್

ಪರೀಕ್ಷೆಗೆ ಎಷ್ಟು ದಿನ ಬಾಕಿ ಇದೆ, ಇವತ್ತು ಏನು ಓದಬೇಕು ಎಂದು ಎರಡನ್ನೂ ಒಟ್ಟಿಗೆ ಹೇಳುವ ನೆನಪೋಲೆಗೆ ಕೌಂಟ್‌ಡೌನ್ ರಿಮೈಂಡರ್ ಅನ್ನುತ್ತಾರೆ. ಬರೀ ‘62 ದಿನ ಬಾಕಿ’ ಅಂತ ಫೋನ್ ತೋರಿಸಿದರೆ ಗಾಬರಿ ಜಾಸ್ತಿಯಾಗುತ್ತದೆ, ಓದು ಮುಂದೆ ಹೋಗುವುದಿಲ್ಲ.

ಕೆಎಎಸ್ ಪ್ರಿಲಿಮ್ಸ್‌ಗೆ 90 ದಿನ ಇದೆ, ಪರೀಕ್ಷೆ ಭಾನುವಾರ ಅಂದುಕೊಳ್ಳಿ. ಸಿಲಬಸ್ಸನ್ನು 90ರಿಂದ ಭಾಗಿಸಿದರೆ ಲೆಕ್ಕ ಮೊದಲ ವಾರವೇ ಕೆಡುತ್ತದೆ. ಕೊನೆಯ 20 ದಿನ ರಿವಿಷನ್‌ಗೆ ಎತ್ತಿಡಿ. ಉಳಿದದ್ದು 10 ವಾರ. ಪ್ರತಿ ವಾರ ಸೋಮವಾರದಿಂದ ಶುಕ್ರವಾರದವರೆಗೆ ಹೊಸ ಓದು, ಶನಿವಾರ ಬಾಕಿ ಓದು, ಭಾನುವಾರ ಮಾಕ್ ಟೆಸ್ಟ್. ಅಂದರೆ ಹೊಸ ಓದಿಗೆ ಸಿಗುವುದು 50 ದಿನ ಮಾತ್ರ. ದಿನಕ್ಕೆ ಎರಡು ತುಂಡಿನಂತೆ ಇಡೀ ಸಿಲಬಸ್ 100 ತುಂಡಾಗಬೇಕು.

‘ಸಂವಿಧಾನ ಓದು’ ಅನ್ನುವುದು ತುಂಡಲ್ಲ, ಅದು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಹೀಗಿರಲಿ: ‘62 ದಿನ ಬಾಕಿ. ಬೆಳಿಗ್ಗೆ: ಮೂಲಭೂತ ಹಕ್ಕುಗಳು, ವಿಧಿ 12ರಿಂದ 35. ಸಂಜೆ: ಅದರ ಮೇಲಿನ 20 ಹಳೆಯ ಪ್ರಶ್ನೆ.’ ಇವತ್ತು ತಪ್ಪಿದ್ದನ್ನು ನಾಳೆಯ ತಲೆಗೆ ಕಟ್ಟಬೇಡಿ, ಶನಿವಾರಕ್ಕೆ ಹಾಕಿ. ಸತತ ಎರಡು ಶನಿವಾರ ಬಾಕಿ ಮುಗಿಯದಿದ್ದರೆ ನಿಮ್ಮ ತುಂಡುಗಳು ದೊಡ್ಡವಾಗಿವೆ ಅಂತಲೇ ಅರ್ಥ. ಆಗ ಕಡಿಮೆ ಪ್ರಶ್ನೆ ಬರುವ ಭಾಗಗಳನ್ನು ಧೈರ್ಯವಾಗಿ ಚಿಕ್ಕದು ಮಾಡಿ.

ಭಾನುವಾರದ ರಿಮೈಂಡರ್‌ನಲ್ಲಿ ಬೇಕಾದ್ದು ಎರಡು ಕೆಲಸ: ಟೆಸ್ಟ್ ಬರೆಯುವುದು, ತಪ್ಪುಗಳನ್ನು ವಿಂಗಡಿಸುವುದು. ಮೊದಲ ಕೆಲವು ವಾರ ಓದಿದ ಭಾಗದ ಮೇಲಷ್ಟೇ ಟೆಸ್ಟ್ ಸಾಕು. ಆಮೇಲೆ ಪೂರ್ತಿ ಪತ್ರಿಕೆ: 100 ಪ್ರಶ್ನೆ, 200 ಅಂಕ, 2 ಗಂಟೆ. ಪ್ರತಿ ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. 80 ಉತ್ತರಿಸಿ 50 ಸರಿಯಾದರೆ 100 ಬರುತ್ತದೆ, 30 ತಪ್ಪಿಗೆ 15 ಕಳೆದು ಉಳಿಯುವುದು 85. ಆ 30ರಲ್ಲಿ ಇನ್ನೂ ಓದದೇ ಇದ್ದವನ್ನು ಬಿಡಿ, ಅವುಗಳ ದಿನ ಮುಂದೆ ಬರುತ್ತದೆ. ಓದಿ ಮರೆತವು ಮುಂದಿನ ಶನಿವಾರಕ್ಕೆ. ಸುಮ್ನೆ ಊಹಿಸಿ ಗುರುತು ಹಾಕಿದವುಗಳ ಸಂಖ್ಯೆಯನ್ನು ವಾರವಾರ ಬರೆದಿಡಿ, ಅದು ಇಳಿಯುತ್ತಿರಬೇಕು.

ಪರೀಕ್ಷೆಯ ದಿನಾಂಕ ಬದಲಾಗುವುದು ನಮ್ಮಲ್ಲಿ ಹೊಸದೇನಲ್ಲ, ಅಲ್ವಾ? 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪ್ರಿಲಿಮ್ಸ್ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಹಾಗಾಗಿ ಬಾಕಿ ದಿನಗಳನ್ನು ಕೈಯಲ್ಲಿ ಬರೆಯದೆ, ಸ್ಪ್ರೆಡ್‌ಶೀಟಿನ B1 ಸೆಲ್‌ನಲ್ಲಿ ಪರೀಕ್ಷೆಯ ದಿನಾಂಕ ಹಾಕಿ ಅದರಿಂದಲೇ ಲೆಕ್ಕ ಬರಲಿ:

```
=$B$1-TODAY()
```

ದಿನಾಂಕ ಮುಂದೆ ಹೋದರೆ B1 ಒಂದನ್ನು ಬದಲಿಸಿದರೆ ಸಾಕು. ಸಿಕ್ಕ ಹೆಚ್ಚುವರಿ ವಾರಗಳಲ್ಲಿ ದಿನದ ಓದನ್ನು ಸಡಿಲ ಮಾಡಬೇಡಿ. ಅವನ್ನು ರಿವಿಷನ್‌ಗೂ ಪೂರ್ತಿ ಪತ್ರಿಕೆಗಳಿಗೂ ಕೊಡಿ.