ಬ್ಯಾಟ್‌ಮನ್ ಜೋಕರ್‌ನನ್ನು ಯಾಕೆ ಕೊಲ್ಲುವುದಿಲ್ಲ?

ಸಾಗರದ ಓದುಗರೊಬ್ಬರ ಪ್ರಶ್ನೆ: ಜೋಕರ್ ತಪ್ಪಿಸಿಕೊಂಡು ಬಂದಾಗಲೆಲ್ಲ ಹೆಣ ಬೀಳುತ್ತವೆ. ಅವನೊಬ್ಬನನ್ನು ಮುಗಿಸಿಬಿಟ್ಟರೆ ಆಗುವುದಿಲ್ಲವೇ?

ಉತ್ತರ: ಶುರುವಿನಲ್ಲಿ ಬ್ಯಾಟ್‌ಮನ್‌ಗೆ ಕೊಲ್ಲಬಾರದೆಂಬ ನೇಮವೇ ಇರಲಿಲ್ಲ. 1940ರಲ್ಲಿ ಅವನದೇ ಹೆಸರಿನ ಕಾಮಿಕ್ಸ್‌ನ ಮೊದಲ ಸಂಚಿಕೆ ಬಂದಾಗ, ಒಂದು ಕಥೆಯಲ್ಲಿ ಅವನು ವಿಮಾನದಿಂದ ಲಾರಿಯ ಮೇಲೆ ಮೆಷಿನ್‌ಗನ್ ಹಾರಿಸುತ್ತಾನೆ. ಇನ್ನು ಮುಂದೆ ಇವನು ಕೊಲ್ಲಬಾರದು ಎಂದು ತಡೆದವರು ಸಂಪಾದಕ ವಿಟ್ನಿ ಎಲ್ಸ್‌ವರ್ತ್. ಜೋಕರ್ ಮೊದಲು ಕಾಣಿಸಿಕೊಂಡದ್ದೂ ಅದೇ ಸಂಚಿಕೆಯಲ್ಲಿ. ಅವನು ಅಲ್ಲೇ ಸಾಯಬೇಕಿತ್ತು. ಇಂಥ ಖಳನನ್ನು ಕಳೆದುಕೊಳ್ಳಬಾರದೆಂದು ಎಲ್ಸ್‌ವರ್ತ್ ಕೊನೆಯಲ್ಲಿ ಒಂದು ಚಿತ್ರ ಸೇರಿಸಿ ಬದುಕಿಸಿದರು.

ನಮ್ಮ ಕಡೆಯ ಯಕ್ಷಗಾನದಲ್ಲಿ ಬೆಳಗಾಗುವಷ್ಟರಲ್ಲಿ ಕೀಚಕ ಸತ್ತರೂ ನಷ್ಟವಿಲ್ಲ, ನಾಳೆ ರಾತ್ರಿ ಮತ್ತೊಂದು ಊರಿನ ಆಟದಲ್ಲಿ ಅವನು ಮತ್ತೆ ಬರುತ್ತಾನೆ. ಕಾಮಿಕ್ಸ್ ಹಾಗಲ್ಲ, ತಿಂಗಳು ತಿಂಗಳು ಮುಂದುವರಿಯುವ ಒಂದೇ ಕಥೆ. ಸತ್ತವನನ್ನು ಕರೆತರಬೇಕೆಂದರೆ ಅದಕ್ಕೊಂದು ಕಾರಣ ಹುಡುಕಬೇಕು.

ಹೀಗೆ ವ್ಯಾಪಾರಕ್ಕೆ ಬೇಕಾಗಿದ್ದ ನೇಮವನ್ನು ಬ್ಯಾಟ್‌ಮನ್‌ನ ಸ್ವಭಾವವನ್ನಾಗಿ ಮಾಡಿದ್ದು ನಂತರದ ಲೇಖಕರು. ಅದನ್ನು ಒರೆಗೆ ಹಚ್ಚುವಾಗ ಅವರು ನಾಯಕ ನುಣುಚಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತಾರೆ. ಜಡ್ ವಿನಿಕ್ 2005ರಲ್ಲಿ ಶುರುಮಾಡಿದ ಜೇಸನ್ ಟಾಡ್‌ನ ಕಥೆಯನ್ನೇ ನೋಡಿ. ಜೇಸನ್ ಎರಡನೆಯ ರಾಬಿನ್, ಅಂದರೆ ಬ್ಯಾಟ್‌ಮನ್ ಜೊತೆ ಹೋರಾಡುವ ಹುಡುಗ. ಅವನು ಬದುಕಬೇಕೋ ಸಾಯಬೇಕೋ ಎಂದು 1988ರಲ್ಲಿ ಓದುಗರೇ ಫೋನಿನಲ್ಲಿ ಮತ ಹಾಕಿದರು, 72 ಮತಗಳ ಅಂತರದಲ್ಲಿ ಜೋಕರ್ ಕೈಯಲ್ಲಿ ಸತ್ತ. ವಿನಿಕ್ ಕಥೆಯಲ್ಲಿ ಮರಳಿ ಬಂದ ಅವನು ಜೋಕರ್‌ನನ್ನು ಹಿಡಿದಿಟ್ಟು, "ಇವನಿನ್ನೂ ಯಾಕೆ ಬದುಕಿದ್ದಾನೆ?" ಎಂದು ಕೇಳುತ್ತಾನೆ. ಉಳಿದ ಖಳರನ್ನು ಕೊಲ್ಲು ಎಂದಲ್ಲ, ಇವನೊಬ್ಬನನ್ನು ಮಾತ್ರ. ಒಬ್ಬನನ್ನು ಕೊಂದರೆ ಎಲ್ಲರನ್ನೂ ಕೊಲ್ಲಬೇಕಾದೀತು ಎಂಬ ವಾದ ಅಲ್ಲಿಗೆ ಮುಗಿಯಿತು. ಕೇಳುತ್ತಿರುವವನೇ ಕೊಲೆಯಾದವನು, ಸತ್ತವರ ಪರವಾಗಿ ನೀನ್ಯಾರು ಮಾತಾಡಲಿಕ್ಕೆ ಎನ್ನುವಂತೆಯೂ ಇಲ್ಲ. ಆಗ ಬ್ಯಾಟ್‌ಮನ್ ಒಪ್ಪಿಕೊಳ್ಳುತ್ತಾನೆ: ಕೊಲ್ಲುವುದು ಕಷ್ಟವಲ್ಲ, ತೀರಾ ಸುಲಭ, ಒಮ್ಮೆ ಅಲ್ಲಿಗೆ ಇಳಿದರೆ ತಾನು ವಾಪಸು ಬರಲಾರೆ. ಅಂದರೆ ಅವನ ಭಯ ತನ್ನ ಬಗ್ಗೆಯೇ.

ಇಂಥ ಕಥೆಗಳು ಕೆಡುವುದು ಕೊನೆಯಲ್ಲಿ. ಎರಡೇ ದಾರಿ ಎಂದು ಕಟ್ಟಿಹಾಕಿ, ಲೇಖಕ ತಾನೇ ಮೂರನೆಯದನ್ನು ತೆರೆದುಬಿಡುತ್ತಾನೆ. ಇಲ್ಲಿ ಜೇಸನ್ ಬ್ಯಾಟ್‌ಮನ್‌ಗೆ ಒಡ್ಡುವುದೂ ಎರಡೇ ದಾರಿ: ಜೋಕರ್‌ನನ್ನು ನಾನು ಕೊಲ್ಲುತ್ತೇನೆ, ತಡೆಯಬೇಕಿದ್ದರೆ ನನ್ನನ್ನು ಕೊಲ್ಲು. ಇದೇ ಕಥೆಯ 2010ರ ಅನಿಮೇಷನ್ ಚಿತ್ರದಲ್ಲಿ ಬ್ಯಾಟ್‌ಮನ್ ಎಸೆದ ಬಾವಲಿ ಆಕಾರದ ಆಯುಧ ಬ್ಯಾಟರಾಂಗ್ ಜೇಸನ್‌ನ ಪಿಸ್ತೂಲಿನ ನಳಿಗೆಗೆ ಸಿಕ್ಕಿಕೊಂಡು ಪಿಸ್ತೂಲು ಅವನ ಕೈಯಲ್ಲೇ ಸಿಡಿಯುತ್ತದೆ. ನೇಮ ಉಳಿಯಿತು, ಆದರೆ ಗುರಿಯ ಚಾಕಚಕ್ಯತೆಯಿಂದ. ಕಾಮಿಕ್ಸ್‌ನಲ್ಲಿ ಅದೇ ಬ್ಯಾಟರಾಂಗ್ ಜೇಸನ್‌ನ ಕುತ್ತಿಗೆಯನ್ನು ಸೀಳುತ್ತದೆ. ಜೋಕರ್‌ನನ್ನು ಉಳಿಸಲು ಬ್ಯಾಟ್‌ಮನ್ ತಾನು ಸಾಕಿದ ಹುಡುಗನ ರಕ್ತ ಹರಿಸಿದ, ಪಕ್ಕದಲ್ಲಿ ಜೋಕರ್ ಅದನ್ನು ನೋಡಿ ಖುಷಿಪಡುತ್ತಾನೆ. ನನಗೆ ಕಾಮಿಕ್ಸ್‌ನ ಅಂತ್ಯವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಏಕೆಂದರೆ ನೇಮದ ಬೆಲೆಯನ್ನು ಅಲ್ಲಿ ಯಾರೋ ನಿಜವಾಗಿ ತೆತ್ತಿದ್ದಾರೆ.