ಕಾಡ್ ಮೀನು ತನ್ನ ಕೊಬ್ಬನ್ನು ಎಲ್ಲಿ ಇಡುತ್ತದೆ?

ಔಷಧಿ ಅಂಗಡಿಗೆ ಹೋಗಿ 'ಮೀನೆಣ್ಣೆ ಗುಳಿಗೆ ಕೊಡ್ರಿ' ಅಂದರೆ ಎರಡರಲ್ಲಿ ಯಾವುದೋ ಒಂದು ಕೈಗೆ ಬರುತ್ತದೆ. ಒಂದರ ಮೇಲೆ ಫಿಶ್ ಆಯಿಲ್ ಅಥವಾ ಒಮೆಗಾ-3 ಅಂತ ಇರುತ್ತದೆ, ಇನ್ನೊಂದರ ಮೇಲೆ ಕಾಡ್ ಲಿವರ್ ಆಯಿಲ್ ಅಂತ. ಎರಡೂ ಹಳದಿ, ಎರಡೂ ಮೆತ್ತಗೆ, ಎರಡಕ್ಕೂ ಅದೇ ವಾಸನೆ. ಹಾಗಾಗಿ ಎರಡೂ ಒಂದೇ ಅಂತ ಕೊಡುವವರಿಗೂ ಅನಿಸುತ್ತದೆ, ಕೊಳ್ಳುವವರಿಗೂ ಅನಿಸುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳಬೇಕಾದರೆ ಮೊದಲು ಮೀನಿನ ಹತ್ತಿರ ಹೋಗಬೇಕು.

ಬೆಳಗಾವಿಯ ಮೀನಿನ ಪೇಟೆಯಲ್ಲಿ ಸಮುದ್ರದ ಬಂಗಡೆ, ತಾರ್ಲಿ ಸಿಗುತ್ತವೆ. ಕೃಷ್ಣಾ ಸೀಮೆಯ ರೋಹು, ಕಾಟ್ಲಾನೂ ಸಿಗುತ್ತವೆ. ಮಳೆಗಾಲ ಮುಗಿದ ಮೇಲೆ ಬರುವ ಒಳ್ಳೆ ತಾರ್ಲಿಯನ್ನು ಕಾದ ತವೆಯ ಮೇಲೆ ಇಡಿ. ಅದರದ್ದೇ ಕೊಬ್ಬು ಕರಗಿ ತವೆಗೆ ಇಳಿಯುತ್ತದೆ. ರೋಹು ತುಂಡಿಗೆ ನೀವೇ ಎಣ್ಣೆ ಬಿಡಬೇಕು, ಇಲ್ಲದಿದ್ದರೆ ತವೆಗೆ ಅಂಟುತ್ತದೆ. ತಾರ್ಲಿ ಕೊಬ್ಬಿನ ಮೀನು. ರೋಹು ಕೊಬ್ಬು ಕಡಿಮೆ ಇರುವ ಮೀನು. ತಾರ್ಲಿಯ ಕೊಬ್ಬೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದ ನಂತರ ಸಮುದ್ರದಲ್ಲಿ ಪಾಚಿ, ಸಣ್ಣ ಜೀವಿಗಳು ಹೆಚ್ಚಾದಾಗ ತಿಂದು ಕೊಬ್ಬುತ್ತದೆ, ಮೊಟ್ಟೆ ಇಡುವ ಹೊತ್ತಿಗೆ ಬಡವಾಗುತ್ತದೆ.

ಬಂಗಡೆ, ತಾರ್ಲಿ ಒಂದು ಕಡೆ ನಿಲ್ಲುವ ಜಾತಿಯಲ್ಲ. ಹಿಂಡು ಕಟ್ಟಿಕೊಂಡು ದಿನವಿಡೀ ಈಜುತ್ತವೆ. ಹಾಗೆ ಬಿಡದೆ ಈಜುವ ಸ್ನಾಯುವಿಗೆ ಇಂಧನ ಕೈಗೆಟುಕುವಷ್ಟು ಹತ್ತಿರ ಇರಬೇಕು. ಅದಕ್ಕೇ ಅವುಗಳ ಕೊಬ್ಬು ಮಾಂಸದಲ್ಲೇ ಹರಡಿಕೊಂಡಿರುತ್ತದೆ. ಬಂಗಡೆ ಬಿಡಿಸಿ ತಿನ್ನುವಾಗ ಪಕ್ಕೆಯ ಉದ್ದಕ್ಕೂ ಕಂದು ಬಣ್ಣದ ಪಟ್ಟಿ ಕಾಣುತ್ತದೆ ಅಲ್ವಾ? ದಿನವಿಡೀ ದುಡಿಯುವ ಸ್ನಾಯು ಅದೇ. ಕೊಬ್ಬು ಅಲ್ಲಿ ಜಾಸ್ತಿ. ವಾಸನೆ ಅಂತ ಕೆಲವರು ಅದನ್ನು ತೆಗೆದು ಬಿಸಾಕುತ್ತಾರೆ.

ಉತ್ತರ ಅಟ್ಲಾಂಟಿಕ್ ಸಮುದ್ರದ ಕಾಡ್ ಮೀನಿನ ಬದುಕೇ ಬೇರೆ. ಅದು ಬಹುಮಟ್ಟಿಗೆ ತಳದ ಹತ್ತಿರ ಇರುತ್ತದೆ, ಬೇಟೆ ಕಂಡಾಗ ಒಮ್ಮೆಲೇ ನುಗ್ಗುತ್ತದೆ. ಅದರ ಮಾಂಸ ಬೆಳ್ಳಗೆ, ಕೊಬ್ಬು ನೂರಕ್ಕೆ ಒಂದು ಪಾಲೂ ಇಲ್ಲ. ಹಾಗಂತ ಕಾಡ್ ಕೊಬ್ಬು ಕೂಡಿಡುವುದೇ ಇಲ್ಲ ಅಂತಲ್ಲ. ನಮ್ಮ ಹಳೆಯ ಮನೆಗಳಲ್ಲಿ ಜೋಳವನ್ನು ಹಗೇವಿಗೆ ತುಂಬಿ ಮುಚ್ಚುತ್ತಿದ್ದ ಹಾಗೆ, ಅದು ಇಡೀ ದಾಸ್ತಾನನ್ನು ಲಿವರ್‌ಗೆ ತುಂಬುತ್ತದೆ. ಚೆನ್ನಾಗಿ ತಿಂದ ಕಾಡ್‌ನ ಲಿವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬೇ ಇರುತ್ತದೆ.

ಗುಳಿಗೆಗಳ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. ಫಿಶ್ ಆಯಿಲ್ ಅಂದರೆ ತಾರ್ಲಿ, ಆಂಚೊವಿಯಂಥ ಕೊಬ್ಬಿನ ಮೀನನ್ನು ಇಡಿಯಾಗಿ ಬೇಯಿಸಿ, ಹಿಂಡಿ, ಶುದ್ಧ ಮಾಡಿದ ಎಣ್ಣೆ. ಅದರಲ್ಲಿ ಮುಖ್ಯವಾಗಿ ಇರುವುದು ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬು. ಕಾಡ್ ಲಿವರ್ ಎಣ್ಣೆಯಲ್ಲೂ ಅವೆರಡೂ ಇವೆ. ಆದರೆ ಲಿವರ್ ಬರೀ ಕೊಬ್ಬಿನ ಕೋಣೆಯಲ್ಲ. ಕೊಬ್ಬಿನಲ್ಲಿ ಕರಗುವ ಎ ಮತ್ತು ಡಿ ವಿಟಮಿನ್‌ಗಳೂ ಅಲ್ಲಿಯೇ ಜಮಾ ಆಗುತ್ತವೆ. ಒಂದು ಟೀ ಚಮಚ ಕಾಡ್ ಲಿವರ್ ಎಣ್ಣೆಯಲ್ಲಿ ಸುಮಾರು 1350 ಮೈಕ್ರೋಗ್ರಾಂ ವಿಟಮಿನ್ ಎ, 11 ಮೈಕ್ರೋಗ್ರಾಂ ವಿಟಮಿನ್ ಡಿ, 0.8 ಗ್ರಾಂ ಒಮೆಗಾ-3 ಇರುತ್ತದೆ. ಕೆಲವು ಕಂಪನಿಗಳು ವಿಟಮಿನ್ ಕಡಿಮೆ ಮಾಡುತ್ತವೆ ಅಥವಾ ಸೇರಿಸುತ್ತವೆ, ಆದ್ದರಿಂದ ಲೇಬಲ್ ನೋಡಲೇಬೇಕು. ಫಿಶ್ ಆಯಿಲ್ ಗುಳಿಗೆಯಲ್ಲಿ ಹೊರಗಿನಿಂದ ಸೇರಿಸದಿದ್ದರೆ ಈ ವಿಟಮಿನ್‌ಗಳು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ತಾರ್ಲಿಯನ್ನೇ ತಿಂದರೆ ಸ್ವಲ್ಪ ವಿಟಮಿನ್ ಡಿ ಸಿಗುತ್ತದೆ, ಅದು ಬೇರೆ ಮಾತು.

ಇದೊಂದು ಕಥೆ ಬಿಡಲು ಮನಸ್ಸಿಲ್ಲ. ನೂರು ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ಕಾಲು ಬಾಗಿದ ಮಕ್ಕಳು ತುಂಬಾ ಇದ್ದರು. ಆ ರೋಗದ ಹೆಸರು ರಿಕೆಟ್ಸ್. ಎಡ್ವರ್ಡ್ ಮೆಲ್ಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು ಓಟ್ಸ್ ಗಂಜಿ ಹಾಕಿ ಬೆಳೆಸಿದ. ಅವಕ್ಕೂ ರಿಕೆಟ್ಸ್ ಬಂತು. ಕಾಡ್ ಲಿವರ್ ಎಣ್ಣೆ ಕೊಟ್ಟ, ವಾಸಿಯಾಯಿತು. ಆ ಎಣ್ಣೆಯಲ್ಲಿ ವಿಟಮಿನ್ ಎ ಇದೆ ಅಂತ ಆಗಲೇ ಗೊತ್ತಿತ್ತು, ಹಾಗಾಗಿ ಕೆಲಸ ಅದರದ್ದೇ ಇರಬೇಕು ಅಂದುಕೊಂಡ. ಅಮೆರಿಕದ ಎಲ್ಮರ್ ಮೆಕಾಲಮ್‌ಗೆ ಅನುಮಾನ. ಅವನು ಎಣ್ಣೆಯನ್ನು ಕಾಯಿಸಿ ಅದರೊಳಗೆ ಗಾಳಿ ಹಾಯಿಸಿದ. ವಿಟಮಿನ್ ಎ ಸತ್ತುಹೋಯಿತು. ಆ ಎಣ್ಣೆಯಿಂದ ಇಲಿಗಳ ಕಣ್ಣಿನ ರೋಗ ವಾಸಿಯಾಗಲಿಲ್ಲ, ಆದರೆ ರಿಕೆಟ್ಸ್ ಮಾತ್ರ ವಾಸಿಯಾಯಿತು! ಅಂದರೆ ಒಳಗೆ ಇನ್ನೊಂದು ಏನೋ ಇದೆ. 1922ರಲ್ಲಿ ಹೀಗೆ ಸಿಕ್ಕಿದ್ದಕ್ಕೆ ಎ, ಬಿ, ಸಿ ಆದ ಮೇಲಿನ ಅಕ್ಷರ ಕೊಟ್ಟರು. ಅದೇ ವಿಟಮಿನ್ ಡಿ.

ಈಗ ನಮ್ಮ ಮನೆಯದೇ ಒಂದು ಲೆಕ್ಕ. ಬಾಗಲಕೋಟೆಯ ನನ್ನ ಸೋದರಮಾವನಿಗೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು ವಿಪರೀತ ಏರಿತ್ತು. ಡಾಕ್ಟರು ಔಷಧಿಯ ಜೊತೆ ದಿನಕ್ಕೆ 3 ಗ್ರಾಂ ಒಮೆಗಾ-3 ಅಂದಿದ್ದರು. ಮಾವ ತಂದದ್ದು ಕಾಡ್ ಲಿವರ್ ಎಣ್ಣೆಯ ಸಣ್ಣ ಗುಳಿಗೆ. ದಿನಕ್ಕೆ ಎರಡು. ಬೇರೆ ತರಬೇಕಿತ್ತು ಅಂದೆ. 'ಎರಡೂ ಮೀನಿನ ಎಣ್ಣೀನ ಅಲ್ಲೇನೋ ತಮ್ಮಾ?' ಅಂದ. ಗುಳಿಗೆಯೊಳಗೆ 300 ಮಿಲಿಗ್ರಾಂ ಎಣ್ಣೆ, ಅದರಲ್ಲಿ ಒಮೆಗಾ-3 ಹೆಚ್ಚೂಕಡಿಮೆ 55 ಮಿಲಿಗ್ರಾಂ. 3 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಗುಳಿಗೆ ನುಂಗಬೇಕು. ಎರಡರಿಂದ ತೊಂದರೆಯೂ ಇಲ್ಲ, ಉಪಯೋಗವೂ ಇಲ್ಲ.

ಹಾಗಾದರೆ ಬಾಟಲಿಯ ಎಣ್ಣೆಯನ್ನೇ ಕುಡಿದರೆ? ನಾಲ್ಕು ಚಮಚ ಕುಡಿದರೆ 3 ಗ್ರಾಂ ಒಮೆಗಾ-3 ದಾಟುತ್ತದೆ. ಆದರೆ ಜೊತೆಗೆ 5400 ಮೈಕ್ರೋಗ್ರಾಂ ವಿಟಮಿನ್ ಎ ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ 3000 ದಾಟಬಾರದು. ದಿನಾ ಹೀಗೆ ತೆಗೆದುಕೊಂಡರೆ ತಲೆನೋವು, ಚರ್ಮ ಒಣಗುವುದು, ಕೂದಲು ಉದುರುವುದು ಶುರುವಾಗಬಹುದು, ಲಿವರ್‌ಗೂ ಪೆಟ್ಟು ಬೀಳಬಹುದು. ಬಸುರಿಯರು ಕಾಡ್ ಲಿವರ್ ಎಣ್ಣೆ ತೆಗೆದುಕೊಳ್ಳಲೇಬಾರದು, ಯಾಕೆಂದರೆ ಮಿತಿ ಮೀರಿದ ಈ ಬಗೆಯ ವಿಟಮಿನ್ ಎ ಹೊಟ್ಟೆಯಲ್ಲಿರುವ ಮಗುವಿನ ಅಂಗಗಳ ಬೆಳವಣಿಗೆಯನ್ನೇ ಕೆಡಿಸಬಲ್ಲದು. ತಾಯಂದಿರಿಗೆ ಶಕ್ತಿ ಬರಲಿ ಅಂತ ಇದನ್ನು ತಂದುಕೊಡುವವರು ಈಗಲೂ ಇದ್ದಾರೆ, ಅದೇ ಭಯ.

ಸಾದಾ ಫಿಶ್ ಆಯಿಲ್ ಗುಳಿಗೆಯಲ್ಲೂ ಮೋಸ ಹೋಗುವ ಜಾಗ ಒಂದಿದೆ. ಡಬ್ಬಿಯ ಮುಂದೆ 1000 ಮಿಲಿಗ್ರಾಂ ಅಂತ ದಪ್ಪಗೆ ಬರೆದಿರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120. ಒಟ್ಟು ಮುನ್ನೂರೇ. ಮಾವನಿಗೆ ಇವೂ ದಿನಕ್ಕೆ ಹತ್ತು ಬೇಕಾಗುತ್ತಿದ್ದವು. ಡಾಕ್ಟರು ಬರೆಯುವ, ಒಮೆಗಾ-3 ಸಾಂದ್ರ ಮಾಡಿ ತುಂಬಿದ ಗುಳಿಗೆಯಾದರೆ ನಾಲ್ಕು ಸಾಕು. ಇದು ಟ್ರೈಗ್ಲಿಸರೈಡ್ ಏರಿದವರ ಮಾತು. ಏನೂ ಇಲ್ಲದವರು ಹೃದಯಕ್ಕೆ ಒಳ್ಳೆಯದು ಅಂತ ಸುಮ್ನೆ ನುಂಗಿದರೆ? ಅಮೆರಿಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ ದಿನಕ್ಕೆ ಒಂದು ಗ್ರಾಂ ಗುಳಿಗೆ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಇನ್ನು ಕಾಲು ಬಾಗಿದ ಮಗುವಿಗೆ ಫಿಶ್ ಆಯಿಲ್ ಕೊಟ್ಟರೆ ಅದೂ ದಂಡ. ಅದಕ್ಕೆ ಬೇಕಾದದ್ದು ವಿಟಮಿನ್ ಡಿ, ಮತ್ತು ಈಗ ಡಾಕ್ಟರು ಅದನ್ನೇ ನೇರವಾಗಿ ಹನಿಯಾಗಿ ಕೊಡುತ್ತಾರೆ.

'ನಮ್ಮ ಹೊಳಿ ಮೀನ ತಿಂದರ ಆಗೂದಿಲ್ಲೇನು?' ಅಂತ ವಿಜಯಪುರದ ಕಡೆಯವರು ಕೇಳುವುದುಂಟು. ರೋಹು ತಿಂದರೆ ಒಳ್ಳೆಯ ಪ್ರೋಟೀನ್ ಸಿಗುತ್ತದೆ, ಒಮೆಗಾ-3 ಮಾತ್ರ ಸ್ವಲ್ಪವೇ. ಮೀನು ತಾನಾಗಿ ಒಮೆಗಾ-3 ತಯಾರಿಸುವುದು ಕಡಿಮೆ. ಸಮುದ್ರದ ಸೂಕ್ಷ್ಮ ಪಾಚಿ ಅದನ್ನು ತಯಾರಿಸುತ್ತದೆ, ತಾರ್ಲಿ ಅದನ್ನು ತಿಂದು ಕೂಡಿಡುತ್ತದೆ. ಕೆರೆಯಲ್ಲಿ ಸಾಕಿದ ರೋಹುವಿಗೆ ಹಾಕುವುದು ಅಕ್ಕಿ ತೌಡು, ಶೇಂಗಾ ಹಿಂಡಿ. ಅವುಗಳಲ್ಲಿ ಇಲ್ಲದ್ದು ಮೀನಿನಲ್ಲಿ ಎಲ್ಲಿಂದ ಬರಬೇಕು?

ಮೀನು ಮುಟ್ಟದ ಮನೆಗಳಲ್ಲಿ ರೊಟ್ಟಿಯ ಜೊತೆ ಅಗಸಿ ಚಟ್ನಿ ಇದೆ. ಅಗಸಿಯಲ್ಲೂ ಒಮೆಗಾ-3 ಇದೆ, ತುಂಬಾನೇ ಇದೆ. ಆದರೆ ಅದು ಬೇರೆ ಬಗೆಯದು. ನಮ್ಮ ದೇಹ ಅದರಲ್ಲಿ ಸಣ್ಣ ಪಾಲನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಅಂತೂ ಅದಕ್ಕಿಂತ ಕಡಿಮೆ. ಚಟ್ನಿ ತಿನ್ನಿ, ರುಚಿಯಾಗಿರುತ್ತದೆ, ನಾರೂ ಸಿಗುತ್ತದೆ. ಡಿಎಚ್‌ಎ ಬೇಕೇ ಬೇಕು ಅಂತ ಡಾಕ್ಟರು ಹೇಳಿದರೆ ಪಾಚಿಯಿಂದಲೇ ತೆಗೆದ ಎಣ್ಣೆಯ ಗುಳಿಗೆ ಬರುತ್ತದೆ, ಅದರಲ್ಲಿ ಮೀನಿನ ಸುದ್ದಿಯೇ ಇಲ್ಲ. ಗುಳಿಗೆಯ ಹೊರಗಿನ ಪೊರೆ ಜೆಲಾಟಿನ್‌ದೋ ಅಲ್ಲವೋ ಅಂತ ಮಾತ್ರ ಕೇಳಿ ತನ್ನಿ. ಜೆಲಾಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಎಲುಬುಗಳಿಂದ.