ಮೇಲ್ಮನೆ ಒಪ್ಪದಿದ್ದರೆ ಮಸೂದೆ ಏನಾಗುತ್ತದೆ: 197ನೇ ವಿಧಿಯ ದಿನಗಣನೆ

ನಮ್ಮ ಓದಿನ ಗುಂಪಿನಲ್ಲಿ ವಾಸ್ಕೋದಿಂದ ಸೇರುವ ಗೆಳೆಯರಿಗೆ ಈ ಪಾಠ ತಮ್ಮ ರಾಜ್ಯದ ಮಟ್ಟಿಗೆ ಬೇಕಿಲ್ಲ. ಗೋವಾದಲ್ಲಿ 40 ಸದಸ್ಯರ ವಿಧಾನಸಭೆ ಮಾತ್ರ ಇದೆ. ಮುಂಬೈ, ಪುಣೆಯವರಾದ ನಮಗೆ ಮಹಾರಾಷ್ಟ್ರದಲ್ಲೂ, ಊರಿನ ಕಡೆ ಕರ್ನಾಟಕದಲ್ಲೂ ವಿಧಾನಸಭೆಯ ಜೊತೆಗೆ ವಿಧಾನ ಪರಿಷತ್ತು ಇದೆ. ಮಂಡನೆ, ಚರ್ಚೆ, ಮತದಾನ, ರಾಜ್ಯಪಾಲರ ಅಂಕಿತ ಎಂಬ ಸಾಮಾನ್ಯ ಕ್ರಮ ಎಲ್ಲರಿಗೂ ಗೊತ್ತಿರುವುದರಿಂದ, ಎರಡು ಸದನಗಳು ಒಪ್ಪದಿದ್ದಾಗಿನ ದಾರಿಯನ್ನಷ್ಟೇ ಬರೆಯುತ್ತೇನೆ.

ಸಂಸತ್ತಿನಲ್ಲಿ ಭಿನ್ನಾಭಿಪ್ರಾಯ ಬಂದರೆ ಸಂವಿಧಾನದ 108ನೇ ವಿಧಿಯಂತೆ ರಾಷ್ಟ್ರಪತಿಗಳು ಜಂಟಿ ಅಧಿವೇಶನ ಕರೆಯಬಹುದು. 2002ರಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸಿದಾಗ ಹಾಗೆಯೇ ಆಯಿತು. ರಾಜ್ಯಗಳಿಗೆ ಈ ಏರ್ಪಾಡು ಇಲ್ಲ. ಅಲ್ಲಿ 197ನೇ ವಿಧಿಯಂತೆ, ವಿಧಾನಸಭೆ ಕಳುಹಿಸಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದರೆ, ಸಭೆ ಒಪ್ಪದ ತಿದ್ದುಪಡಿ ಮಾಡಿದರೆ, ಅಥವಾ ತನ್ನ ಮುಂದಿರಿಸಿದ ದಿನದಿಂದ 3 ತಿಂಗಳು ದಾಟಿದರೂ ಅಂಗೀಕರಿಸದಿದ್ದರೆ, ಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿ ಕಳುಹಿಸಬಹುದು. ಎರಡನೆಯ ಸಲವೂ ಪರಿಷತ್ತು ಒಪ್ಪದಿದ್ದರೆ, ಅಥವಾ 1 ತಿಂಗಳು ದಾಟುವವರೆಗೆ ಸುಮ್ಮನಿದ್ದರೆ, ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಯಿತೆಂದೇ ಭಾವಿಸಲಾಗುತ್ತದೆ.

ಗೊಂದಲವೆಲ್ಲ ಈ ತಿಂಗಳುಗಳ ಎಣಿಕೆಯಲ್ಲಿದೆ. ಮೊದಲನೆಯದಾಗಿ, ವಿಧಾನಸಭೆ ಅಂಗೀಕರಿಸಿದ ದಿನದಿಂದ ಎಣಿಸಬಾರದು. ಪರಿಷತ್ತಿನ ಮುಂದಿರಿಸಿದ ದಿನದಿಂದ ಎಣಿಸಬೇಕು. ಎರಡನೆಯದಾಗಿ, 108ನೇ ವಿಧಿಯ 6 ತಿಂಗಳ ಲೆಕ್ಕದಲ್ಲಿ ಸದನ ಸತತ 4 ದಿನಗಳಿಗಿಂತ ಹೆಚ್ಚು ಮುಂದೂಡಲ್ಪಟ್ಟ ಅವಧಿಯನ್ನೂ, ಅಧಿವೇಶನ ಮುಕ್ತಾಯಗೊಂಡಿರುವ ಅವಧಿಯನ್ನೂ ಕಳೆಯಲಾಗುತ್ತದೆ. 197ನೇ ವಿಧಿಯಲ್ಲಿ ಅಂಥ ವಿನಾಯಿತಿಯ ಮಾತೇ ಇಲ್ಲ. ಪರಿಷತ್ತು ಬಾಗಿಲು ಹಾಕಿಕೊಂಡು ಕುಳಿತರೂ ದಿನಗಳು ಉರುಳುತ್ತಲೇ ಇರುತ್ತವೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಅತಿ ಮುಖ್ಯವಾದ ವ್ಯತ್ಯಾಸ ಇದೇ.

ಆಂಧ್ರಪ್ರದೇಶದ ಮೂರು ರಾಜಧಾನಿಗಳ ಮಸೂದೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2020ರ ಜನವರಿ 20ರಂದು ವಿಧಾನಸಭೆ ಅದನ್ನು ಅಂಗೀಕರಿಸಿತು. ಆಳುವ ಪಕ್ಷಕ್ಕೆ ಬಹುಮತವಿಲ್ಲದ ಪರಿಷತ್ತಿನಲ್ಲಿ, 22ರಂದು ಸಭಾಪತಿಗಳು ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸುವುದಾಗಿ ಪ್ರಕಟಿಸಿದರು. ಏಪ್ರಿಲ್ ಮುಗಿಯುವಷ್ಟರಲ್ಲಿ 3 ತಿಂಗಳು ಕಳೆದಿದ್ದವು. ಜೂನ್ 16ರಂದು ಸಭೆ ಮತ್ತೆ ಅಂಗೀಕರಿಸಿತು; ಮರುದಿನ ಪರಿಷತ್ತು ಮತಕ್ಕೆ ಹಾಕದೆಯೇ ಅನಿರ್ದಿಷ್ಟ ಕಾಲ ಮುಂದೂಡಲ್ಪಟ್ಟಿತು. ಒಂದು ತಿಂಗಳು ದಾಟಿದ ಮೇಲೆ ಮಸೂದೆ ರಾಜ್ಯಪಾಲರ ಬಳಿ ಹೋಯಿತು, ಜುಲೈ 31ರಂದು ಅಂಕಿತ ಬಿತ್ತು. ಆ ಕಾಯಿದೆಯನ್ನು ಮರುವರ್ಷ ಸರ್ಕಾರವೇ ಹಿಂತೆಗೆದುಕೊಂಡದ್ದು ಬೇರೆಯೇ ಮಾತು.

ಹಣಕಾಸು ಮಸೂದೆಗೆ ಇಷ್ಟೂ ಕಾಲಾವಕಾಶವಿಲ್ಲ. ಪರಿಷತ್ತು 14 ದಿನಗಳೊಳಗೆ ಶಿಫಾರಸು ಸಹಿತವೋ ರಹಿತವೋ ಹಿಂತಿರುಗಿಸಬೇಕು. ಇನ್ನು ಪರಿಷತ್ತಿನಲ್ಲೇ ಹುಟ್ಟಿದ ಮಸೂದೆಯನ್ನು ವಿಧಾನಸಭೆ ತಿರಸ್ಕರಿಸಿದರೆ, ಅದಕ್ಕೆ 197ನೇ ವಿಧಿ ಅನ್ವಯವಾಗುವುದಿಲ್ಲ. ಮಸೂದೆಯ ಕಥೆ ಅಲ್ಲಿಗೇ ಮುಗಿಯುತ್ತದೆ.